ಪಟ್ಟಿಯಲ್ಲಿ ಇರುವ ಪದವನ್ನೇ ಬೈನರಿ ಸರ್ಚ್ ಇಲ್ಲವೆನ್ನುತ್ತಿದೆ: ತಪ್ಪು ಎಲ್ಲಿರಬಹುದು?

ಬದಿಯಡ್ಕದ ಪದಸಂಗ್ರಾಹಕ

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಹಳ್ಳಿಮನೆಗಳಲ್ಲಿ ಬಳಕೆಯಲ್ಲಿರುವ ಕನ್ನಡ ಪದಗಳನ್ನು ನಾವು ಮೂವರು ಹಲವು ವರ್ಷಗಳಿಂದ ಚೀಟಿಗಳಲ್ಲಿ ಬರೆದು ಅಕಾರಾದಿಯಾಗಿ ಜೋಡಿಸುತ್ತ ಬಂದಿದ್ದೇವೆ. ಈಗ ಆ ಚೀಟಿಗಳನ್ನೆಲ್ಲ ಅದೇ ಕ್ರಮದಲ್ಲಿ ಕಂಪ್ಯೂಟರಿಗೆ ಏರಿಸಿದ್ದೇವೆ. ಒಟ್ಟು 3,912 ಪದಗಳಿವೆ. ಪದವೊಂದನ್ನು ಕೊಟ್ಟರೆ ಅದರ ಚೀಟಿಯನ್ನು ತೋರಿಸುವ ಸಣ್ಣ ಪ್ರೋಗ್ರಾಮನ್ನು ನಾನೇ ಬರೆದೆ. ಮೊದಲಿನಿಂದ ಒಂದೊಂದಾಗಿ ನೋಡುತ್ತ ಹೋಗುವ ಬದಲು ನಡುವಿನ ಪದವನ್ನು ನೋಡಿ, ಬೇಕಾದ ಪದ ಅದಕ್ಕಿಂತ ಹಿಂದಿದೆಯೋ ಮುಂದಿದೆಯೋ ಎಂದು ತಿಳಿದು, ಉಳಿದ ಅರ್ಧವನ್ನು ಬಿಟ್ಟುಬಿಡುವ ಕ್ರಮವನ್ನು ಅನುಸರಿಸಿದ್ದೇನೆ.

```python
def huduku(patti, pada):
    eda, bala = 0, len(patti) - 1
    while eda <= bala:
        nadu = (eda + bala) // 2
        if patti[nadu] == pada:
            return nadu
        if patti[nadu] < pada:
            eda = nadu + 1
        else:
            bala = nadu - 1
    return -1
```

ಹೆಚ್ಚಿನ ಪದಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಸಿಗುತ್ತವೆ. ಆದರೆ ‘ಮಳೆ’, ‘ಹಳ್ಳ’ ಎಂಬಂಥ ಪದಗಳನ್ನು ಕೊಟ್ಟರೆ -1 ಬರುತ್ತದೆ, ಅಂದರೆ ಇಲ್ಲವೆಂಬ ಉತ್ತರ. ಪಟ್ಟಿಯನ್ನು ತೆರೆದು ನೋಡಿದರೆ ಎರಡೂ ತಮ್ಮ ತಮ್ಮ ಜಾಗದಲ್ಲಿಯೇ ಇವೆ. ಮಳೆ ಎಂಬ ಪದವಿಲ್ಲದ ಕಾಸರಗೋಡಿನ ಪದಪಟ್ಟಿಯನ್ನು ಯಾರ ಮುಂದಿಡಲಿ? ‘ಬಳೆ’ ಮಾತ್ರ ಸಿಗುತ್ತದೆ ಎಂಬುದು ನನ್ನನ್ನು ಇನ್ನಷ್ಟು ಗೊಂದಲಕ್ಕೆ ತಳ್ಳಿದೆ. ಎರಡು ದಿನಗಳಿಂದ ಇದರ ಹಿಂದೆಯೇ ಇದ್ದೇನೆ, ತಿಳಿದವರು ದಯವಿಟ್ಟು ತಿಳಿಸಬೇಕು.

ಉಪ್ಪಳ ಕೋಡ್

ಸರ್, ಇದು ಬಹಳ ಪ್ರಸಿದ್ಧವಾದ ತಪ್ಪು. ನಡುವಿನ ಜಾಗವನ್ನು `(eda + bala) // 2` ಎಂದು ಲೆಕ್ಕ ಹಾಕಿದ್ದೀರಿ. ಎರಡು ದೊಡ್ಡ ಸಂಖ್ಯೆಗಳನ್ನು ಕೂಡಿಸಿದಾಗ ಮೊತ್ತವು ಮಿತಿಯನ್ನು ದಾಟಿ ಋಣ ಸಂಖ್ಯೆಯಾಗಿಬಿಡುತ್ತದೆ. ಜಾವಾದ ಲೈಬ್ರರಿಯಲ್ಲಿಯೇ ಈ ತಪ್ಪು ವರ್ಷಗಟ್ಟಲೆ ಅಡಗಿತ್ತೆಂದು ಜೋಶುವಾ ಬ್ಲಾಕ್ 2006ರಲ್ಲಿ ಬರೆದಿದ್ದರು. `eda + (bala - eda) // 2` ಎಂದು ಬದಲಾಯಿಸಿದರೆ ಸರಿಹೋಗುತ್ತದೆ. ಅದೂ ಅಲ್ಲದೆ `while eda <= bala` ಎಂಬಲ್ಲಿ `<` ಮಾತ್ರ ಇರಬೇಕೆಂದು ನನ್ನ ಅನಿಸಿಕೆ.

ನೀರ್ಚಾಲು ಗಣಿತ

ಉಪ್ಪಳದವರು ಹೇಳಿದ ಮೊದಲನೆಯ ಮಾತು ಜಾವಾದ ಮಟ್ಟಿಗೆ ನಿಜವೇ ಆಗಿದೆ, ಆದರೆ ಈ ಕಾಯಿಲೆಗೆ ಅದು ಮದ್ದಲ್ಲ. ಆ ತಪ್ಪು ತಲೆದೋರಬೇಕಾದರೆ ಪಟ್ಟಿಯಲ್ಲಿ ಸುಮಾರು 107 ಕೋಟಿಗಿಂತ, ಅಂದರೆ ಎರಡರ ಮೂವತ್ತನೆಯ ಘಾತಕ್ಕಿಂತ, ಹೆಚ್ಚು ಅಂಶಗಳಿರಬೇಕು. ಪೈಥಾನಿನಲ್ಲಿ ಪೂರ್ಣಾಂಕಗಳಿಗೆ ಅಂಥ ಮಿತಿಯೇ ಇಲ್ಲ. 3,912 ಪದಗಳ ಪಟ್ಟಿಯಲ್ಲಿ ಮೊತ್ತ ಎಂಟು ಸಾವಿರವನ್ನೂ ಮುಟ್ಟುವುದಿಲ್ಲ.

ಎರಡನೆಯ ಸಲಹೆಯನ್ನು ಮಾತ್ರ ದಯವಿಟ್ಟು ಯಾರೂ ಅನುಸರಿಸಬಾರದು. `<` ಎಂದು ಬರೆದರೆ ಹುಡುಕಾಟದ ಕೊನೆಯಲ್ಲಿ ಒಂದೇ ಒಂದು ಪದ ಉಳಿದಾಗ ಅದನ್ನು ನೋಡದೆಯೇ ಪ್ರೋಗ್ರಾಮ್ ಇಲ್ಲವೆಂದುಬಿಡುತ್ತದೆ. ಹದಿನೈದು ಪದಗಳ ಪಟ್ಟಿಯಲ್ಲಿ ಹಾಗೆ ಮಾಡಿ ನೋಡಿ: ಒಂದನೆಯದು, ಮೂರನೆಯದು, ಐದನೆಯದು ಎಂಬಂತೆ ಬೆಸ ಸ್ಥಾನದಲ್ಲಿರುವ ಎಂಟೂ ಪದಗಳು ಕಾಣೆಯಾಗುತ್ತವೆ. ಪದಸಂಗ್ರಾಹಕರ ತೊಂದರೆ ಆ ಬಗೆಯದಲ್ಲ. ಅವರ ಪ್ರೋಗ್ರಾಮಿನಲ್ಲಿ ನನಗೆ ಯಾವ ತಪ್ಪೂ ಕಾಣುತ್ತಿಲ್ಲ. ನನ್ನ ಸಂಶಯವಿರುವುದು ಪಟ್ಟಿಯ ಮೇಲೆ. ಮಾಸ್ತರರೇ, ‘ಬ’, ‘ಮ’, ‘ಹ’ಗಳಿಂದ ಆರಂಭವಾಗುವ ಕೆಲವು ಪದಗಳನ್ನು ನಿಮ್ಮ ಪಟ್ಟಿಯಲ್ಲಿರುವ ಕ್ರಮದಲ್ಲಿಯೇ ಇಲ್ಲಿ ಬರೆಯುವಿರಾ? ಹದಿನೈದು ಸಾಕು.

ಸುರಂಗದ ನೀರು

ನನಗೆ ಕಂಪ್ಯೂಟರ್ ವಿಷಯ ಗೊತ್ತಿಲ್ಲ, ತೋಟದ ವಿಷಯ ಗೊತ್ತಿದೆ. ಕಳೆದ ಬೇಸಗೆಯಲ್ಲಿ ನಮ್ಮ ಸುರಂಗದಿಂದ ಅಡಿಕೆ ತೋಟಕ್ಕೆ ಬರುವ ಪೈಪಿನಲ್ಲಿ ಎಲ್ಲೋ ಕಸ ಕಟ್ಟಿಕೊಂಡು ನೀರು ನಿಂತುಹೋಯಿತು. ಮೂವತ್ತೆರಡು ಪೈಪುಗಳನ್ನು ಜೋಡಿಸಿದ ಸಾಲು ಅದು. ಕೆಲಸದವರು ಸುರಂಗದ ಬಾಯಿಯಿಂದ ಒಂದೊಂದೇ ಜಾಯಿಂಟ್ ಬಿಚ್ಚುತ್ತ ಬರಲು ಹೊರಟಿದ್ದರು. ನಾನು ಅವರನ್ನು ತಡೆದು, ನಡುವಿನ ಜಾಯಿಂಟನ್ನು ಬಿಚ್ಚಿಸಿದೆ. ಅಲ್ಲಿ ನೀರು ಇರಲಿಲ್ಲ, ಅಂದಮೇಲೆ ಕಸ ಮೇಲಿನ ಹದಿನಾರರಲ್ಲಿ ಎಲ್ಲೋ ಇದೆ ಎಂದಾಯಿತು. ಮತ್ತೆ ಅದರ ನಡು, ಮತ್ತೆ ಅದರ ನಡು. ಐದು ಜಾಯಿಂಟ್ ಬಿಚ್ಚುವಷ್ಟರಲ್ಲಿ ಕಸ ಸಿಕ್ಕಿತು. ನೀವು ಹೇಳುತ್ತಿರುವುದು ಇದೇ ಉಪಾಯವಲ್ಲವೇ? ಹಾಗಿದ್ದರೆ ನಿಮ್ಮ ಪ್ರೋಗ್ರಾಮಿಗೂ ಎಲ್ಲೋ ಕಸ ಸಿಕ್ಕಿಕೊಂಡಿರಬೇಕು, ನಡುವಿನಿಂದ ಬಿಚ್ಚಿ ನೋಡಿ.

ನೀರ್ಚಾಲು ಗಣಿತ

ಅಣ್ಣ, ಪ್ರಶ್ನೆ ಪ್ರೋಗ್ರಾಮಿನ ಕಸದ್ದಲ್ಲವಾದರೂ ನೀವು ಮಾಡಿದ್ದು ಅಪ್ಪಟ ಬೈನರಿ ಸರ್ಚೇ. ನಿಮ್ಮ ಉಪಾಯ ಫಲಿಸಿದ್ದಕ್ಕೆ ಕಾರಣವೊಂದಿದೆ. ಸುರಂಗದ ಕಡೆಯಿಂದ ನಡೆಯುತ್ತ ಬಂದರೆ ‘ಇಲ್ಲಿ ನೀರಿದೆ’ ಎಂಬ ಉತ್ತರ ಒಂದು ಹಂತದವರೆಗೆ ಬರುತ್ತದೆ, ಅಲ್ಲಿಂದ ಮುಂದೆ ‘ನೀರಿಲ್ಲ’ ಎಂಬುದೇ ಕೊನೆಯವರೆಗೂ ಉತ್ತರ. ಉತ್ತರ ಒಂದೇ ಸಲ ಬದಲಾಗುವುದರಿಂದ ನಡುವಿನ ಒಂದು ಜಾಯಿಂಟನ್ನು ನೋಡಿದರೆ ಅರ್ಧ ಸಾಲನ್ನು ನಿಶ್ಚಿಂತೆಯಿಂದ ಬಿಡಬಹುದು. ಕಸ ಎರಡು ಕಡೆ ಕಟ್ಟಿದ್ದರೂ ಮೊದಲನೆಯ ಕಟ್ಟಿನ ಬಳಿಕ ನೀರೇ ಇಲ್ಲದ ಕಾರಣ ನಿಮಗೆ ಆ ಮೊದಲನೆಯದೇ ಸಿಗುತ್ತಿತ್ತು. ಆದರೆ ನಡುವೆ ಇನ್ನೊಂದು ತೋಡಿನ ನೀರು ಬಂದು ಆ ಪೈಪಿಗೆ ಸೇರುತ್ತಿದ್ದರೆ? ಆಗ ನೀರಿದೆ, ನೀರಿಲ್ಲ, ಮತ್ತೆ ನೀರಿದೆ ಎಂದಾಗಿ, ನಡುವಿನ ಜಾಯಿಂಟಿನಲ್ಲಿ ನೀರು ಕಂಡ ನೀವು ಕಸವಿರುವ ಮೇಲಿನ ಅರ್ಧವನ್ನೇ ಕೈಬಿಟ್ಟು ಕೆಳಗೆ ಹುಡುಕುತ್ತಿದ್ದಿರಿ. ಪದಸಂಗ್ರಾಹಕರ ಪಟ್ಟಿಯಲ್ಲಿ ಅಂಥದ್ದೇ ಏನೋ ನಡೆಯುತ್ತಿದೆ ಎಂದು ನನಗೆ ಅನಿಸುತ್ತಿದೆ.

ಪೆರ್ಲದ ವಿದ್ಯಾರ್ಥಿನಿ

ನನ್ನದೊಂದು ಸಣ್ಣ ಪ್ರಶ್ನೆ, ಚರ್ಚೆಯನ್ನು ಬೇರೆಡೆಗೆ ಎಳೆಯುತ್ತಿದ್ದರೆ ಕ್ಷಮಿಸಿ. ಮೂವತ್ತೆರಡು ಪೈಪಿಗೆ ಐದು ಸಲ ಎಂದರೆ 3,912 ಪದಗಳಿಗೆ ಆರುನೂರು ಸಲವಾದರೂ ನೋಡಬೇಕಾಗುತ್ತದೆಯಲ್ಲವೇ? ಹಾಗಿದ್ದರೆ ಅಷ್ಟು ಬೇಗ ಹೇಗೆ ಸಿಗುತ್ತದೆ?

ನೀರ್ಚಾಲು ಗಣಿತ

ಇಲ್ಲ ತಂಗಿ, ಹನ್ನೆರಡು ಸಲ ಸಾಕು. ಪಟ್ಟಿ ನೂರು ಪಟ್ಟು ದೊಡ್ಡದಾದರೆ ಕೆಲಸವೂ ನೂರು ಪಟ್ಟಾಗುವುದು ಒಂದೊಂದಾಗಿ ನೋಡುವ ಕ್ರಮದಲ್ಲಿ ಮಾತ್ರ. ಇಲ್ಲಿ ಒಂದು ಸಲ ನೋಡಿದ ಬಳಿಕ ಹೆಚ್ಚೆಂದರೆ ಎಷ್ಟು ಪದಗಳು ಉಳಿಯುತ್ತವೆ ಎಂಬುದನ್ನು ಬರೆದುಕೊಂಡು ಹೋಗು: 3,912 ಇದ್ದದ್ದು 1,956 ಆಗುತ್ತದೆ, ಬಳಿಕ 978, 489, 244, 122, 61, 30, 15, 7, 3, 1. ಆ ಕೊನೆಯ ಒಂದನ್ನೂ ನೋಡಿದರೆ ಏನೂ ಉಳಿಯುವುದಿಲ್ಲ. ಎಣಿಸಿದರೆ ಹನ್ನೆರಡಾಗುತ್ತದೆ. ಮಾಸ್ತರರು ಇನ್ನೂ ಇಷ್ಟೇ ಪದಗಳನ್ನು ಕೂಡಿಹಾಕಿ ಪಟ್ಟಿಯನ್ನು 7,824ಕ್ಕೆ ಏರಿಸಿದರೂ ಹೆಚ್ಚಾಗುವುದು ಒಂದೇ ಒಂದು ನೋಟ, ಏಕೆಂದರೆ ಆ ಮೊದಲ ನೋಟವೇ ಹೊಸದಾಗಿ ಸೇರಿದಷ್ಟನ್ನು ಕಳೆದುಬಿಡುತ್ತದೆ. ಆ ಸಾಲಿನಲ್ಲಿ 15 ಇರುವುದನ್ನು ಗಮನಿಸು. ಹದಿನೈದರ ಪಟ್ಟಿಗೆ ಅಲ್ಲಿಂದ ಮುಂದಿನ ನಾಲ್ಕು ನೋಟಗಳು ಸಾಕು. ನಾನು ಮಾಸ್ತರರಲ್ಲಿ ಹದಿನೈದೇ ಪದಗಳನ್ನು ಕೇಳಿದ್ದು, ಕೈಯಲ್ಲಿಯೇ ಕೊನೆಯವರೆಗೆ ಮಾಡಿ ನೋಡಬಹುದೆಂಬ ಕಾರಣಕ್ಕೆ.

ಬದಿಯಡ್ಕದ ಪದಸಂಗ್ರಾಹಕ

ಕೇಳಿದ ಪದಗಳು ಇಲ್ಲಿವೆ, ನಮ್ಮ ಚೀಟಿಗಳ ಕ್ರಮದಲ್ಲಿಯೇ: ಬಟ್ಟಲು, ಬಲೆ, ಬಸಳೆ, ಬಳೆ, ಬಳ್ಳಿ, ಬಾಳೆ, ಮರ, ಮಸಿ, ಮಳೆ, ಮಾವು, ಹಲಸು, ಹಸು, ಹಳದಿ, ಹಳ್ಳ, ಹಾಲು.

ಇವಿಷ್ಟನ್ನೇ ಬೇರೆ ಪಟ್ಟಿಯಾಗಿ ಮಾಡಿ ಒಂದೊಂದನ್ನೂ ಹುಡುಕಿಸಿದೆ. ಮಳೆ, ಹಳದಿ, ಹಳ್ಳ ಈ ಮೂರು ಸಿಗಲಿಲ್ಲ. ಆಶ್ಚರ್ಯವೆಂದರೆ ಬಸಳೆಯೂ ಸಿಗಲಿಲ್ಲ. ಕ್ರಮದಲ್ಲಿ ತಪ್ಪಿದೆ ಎಂದು ನನಗೆ ತೋರುವುದಿಲ್ಲ. ನಾನು ಮೂವತ್ತು ವರ್ಷ ಮಕ್ಕಳಿಗೆ ಅಕ್ಷರಮಾಲೆ ಕಲಿಸಿದವನು, ಪಟ್ಟಿಯನ್ನು ಎರಡು ಸಲ ತಿದ್ದಿದ್ದೇನೆ.

ಕುಂಬಳೆ ಮುದ್ರಣ

ಸಿಗದ ನಾಲ್ಕರಲ್ಲಿಯೂ ‘ಳ’ ಇದೆ. ಫಾಂಟಿನ ತೊಂದರೆಯಿರಬೇಕು. ನಾವು ಹಿಂದೆ ಮದುವೆಯ ಕಾಗದಗಳನ್ನು ಅಚ್ಚು ಮಾಡುವಾಗ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಒತ್ತಕ್ಷರಗಳು ಬೇರೆ ಕಂಪ್ಯೂಟರಿನಲ್ಲಿ ಬೇರೆಯೇ ಆಗಿ ಕಾಣುತ್ತಿದ್ದವು. ಎಲ್ಲವನ್ನೂ ಯೂನಿಕೋಡಿನಲ್ಲಿ ಹೊಸದಾಗಿ ಟೈಪ್ ಮಾಡಿದರೆ ಸರಿಹೋದೀತು.

ನೀರ್ಚಾಲು ಗಣಿತ

ಕುಂಬಳೆಯವರು ‘ಳ’ಕಾರವನ್ನು ಗುರುತಿಸಿದ್ದು ಸರಿ, ಆದರೆ ಕಾರಣ ಫಾಂಟಲ್ಲ. ಫಾಂಟಿನಿಂದಾದ ತೊಂದರೆಯಾಗಿದ್ದರೆ ಬಳೆ, ಬಳ್ಳಿ, ಬಾಳೆಗಳೂ ಸಿಗಬಾರದಿತ್ತು. ಮಾಸ್ತರರ ಪಟ್ಟಿ ಯೂನಿಕೋಡಿನಲ್ಲಿಯೇ ಇದೆ, ಮತ್ತು ತೊಂದರೆ ಹುಟ್ಟಿರುವುದು ಯೂನಿಕೋಡಿನ ಅಕ್ಷರಕ್ರಮಕ್ಕೂ ನಮ್ಮ ಅಕ್ಷರಮಾಲೆಗೂ ಇರುವ ಒಂದು ವ್ಯತ್ಯಾಸದಲ್ಲಿ.

ನಾವೆಲ್ಲ ಕಲಿತದ್ದು ಯ ರ ಲ ವ ಶ ಷ ಸ ಹ ಳ ಎಂದು; ಳಕಾರ ಕೊನೆಯಲ್ಲಿ. ಪೈಥಾನಿನಲ್ಲಿ `<` ಎಂಬುದಕ್ಕೆ ಅಕ್ಷರಮಾಲೆ ಗೊತ್ತಿರುವುದಿಲ್ಲ, ಪ್ರತಿ ಅಕ್ಷರಕ್ಕೂ ಯೂನಿಕೋಡ್ ಕೊಟ್ಟಿರುವ ಸಂಖ್ಯೆಯನ್ನು ಅದು ಹೋಲಿಸುತ್ತದೆ. ಅಲ್ಲಿ ಲಕಾರಕ್ಕೆ `U+0CB2`, ಅದರ ಬೆನ್ನಿಗೇ ಳಕಾರಕ್ಕೆ `U+0CB3`, ಆ ಬಳಿಕ ವಕಾರಕ್ಕೆ `U+0CB5`, ಸಕಾರಕ್ಕೆ `U+0CB8`, ಹಕಾರಕ್ಕೆ `U+0CB9`. ಭಾರತದ ಹಲವು ಲಿಪಿಗಳಿಗೆ ಒಂದೇ ಚೌಕಟ್ಟನ್ನು ಹಾಕಿದ ಇಸ್ಕಿ ಎಂಬ ಹಿಂದಿನ ಸಂಕೇತ ಪದ್ಧತಿಯ ಜೋಡಣೆಯನ್ನು ಯೂನಿಕೋಡ್ ಉಳಿಸಿಕೊಂಡದ್ದರಿಂದ ಹೀಗಾಗಿದೆ. ಹೀಗಾಗಿ ನಮಗೆ ‘ಹಸು’ವಿನ ಬಳಿಕ ‘ಹಳ್ಳ’, ಯಂತ್ರಕ್ಕೆ ‘ಹಳ್ಳ’ದ ಬಳಿಕ ‘ಹಸು’.

ಈಗ ‘ಹಳ್ಳ’ವನ್ನು ಹುಡುಕುತ್ತ ಹೋಗೋಣ. ಹದಿನೈದರ ನಡು ಎಂಟನೆಯದು, ‘ಮಸಿ’. ಹಳ್ಳ ಅದರ ಮುಂದಿದೆ, ಆದ್ದರಿಂದ ಒಂಬತ್ತರಿಂದ ಹದಿನೈದರವರೆಗಿನ ಭಾಗ ಉಳಿಯಿತು. ಅದರ ನಡು ಹನ್ನೆರಡನೆಯದು, ‘ಹಸು’. ಯಂತ್ರದ ಎಣಿಕೆಯಲ್ಲಿ ಹಳ್ಳ ಹಸುವಿಗಿಂತ ಹಿಂದಿರಬೇಕು, ಆದ್ದರಿಂದ ಅದು ಹದಿಮೂರು, ಹದಿನಾಲ್ಕು, ಹದಿನೈದನ್ನು ಬಿಟ್ಟುಬಿಟ್ಟಿತು. ಹಳ್ಳ ಇದ್ದದ್ದು ಹದಿನಾಲ್ಕರಲ್ಲಿಯೇ. ಆ ಬಳಿಕ ಹತ್ತನೆಯ ‘ಮಾವು’, ಹನ್ನೊಂದನೆಯ ‘ಹಲಸು’ ಎರಡನ್ನೂ ಶ್ರದ್ಧೆಯಿಂದ ನೋಡಿ, ಇಲ್ಲವೆಂದು ಹೇಳಿತು. ಒಮ್ಮೆ ಬಿಟ್ಟ ಅರ್ಧಕ್ಕೆ ಈ ಕ್ರಮ ಎಂದೂ ಮರಳಿ ಬರುವುದಿಲ್ಲ. ಅದರ ವೇಗವೆಲ್ಲ ಇರುವುದು ಹಾಗೆ ಬಿಡುವುದರಲ್ಲಿಯೇ.

‘ಬಳೆ’ ಸಿಕ್ಕಿದ್ದು ಅದೃಷ್ಟದಿಂದ. ಮೊದಲು ಮಸಿ, ಬಳಿಕ ಒಂದರಿಂದ ಏಳರ ನಡುವಾದ ನಾಲ್ಕನೆಯ ಪದ, ಅದು ಬಳೆಯೇ. ದಾರಿಯಲ್ಲಿ ಕ್ರಮ ಕೆಟ್ಟ ಜೋಡಿಯೊಂದೂ ಅಡ್ಡ ಬರಲಿಲ್ಲ. ‘ಬಸಳೆ’ ಕಳೆದುಹೋದದ್ದು ಅದರಲ್ಲಿರುವ ಳಕಾರದಿಂದಲ್ಲ ಎಂಬುದನ್ನು ಗಮನಿಸಬೇಕು. ಅದನ್ನು ಬಳೆಯೊಂದಿಗೆ ಹೋಲಿಸುವಾಗ ಎರಡನೆಯ ಅಕ್ಷರಗಳಾದ ಸ ಮತ್ತು ಳಗಳಲ್ಲಿಯೇ ತೀರ್ಮಾನವಾಗುತ್ತದೆ. ಯಂತ್ರದ ಪ್ರಕಾರ ಬಸಳೆ ಬಳೆಗಿಂತ ಮುಂದೆ, ಪಟ್ಟಿಯಲ್ಲಿ ಅದು ಹಿಂದೆ. ಬಸಳೆಯ ಜಾಗದಲ್ಲಿ ‘ಬಸವ’ ಇದ್ದಿದ್ದರೂ ಹೀಗೆಯೇ ಕಳೆದುಹೋಗುತ್ತಿತ್ತು. ಆದ್ದರಿಂದ ಳಕಾರವಿರುವ ಪದಗಳನ್ನು ಮಾತ್ರ ಪರೀಕ್ಷಿಸಿದರೆ ಸಾಲದು.

ಉಪ್ಪಳ ಕೋಡ್

ನನ್ನ ಊಹೆ ತಪ್ಪಾಗಿತ್ತು, ಒಪ್ಪಿಕೊಂಡೆ. ಹಾಗಾದರೆ ಹುಡುಕುವ ಮೊದಲು ಪ್ರತಿ ಸಲವೂ `sorted(patti)` ಮಾಡಿದರೆ ಮುಗಿಯಿತಲ್ಲ?

ನೀರ್ಚಾಲು ಗಣಿತ

ಪದ ಖಂಡಿತ ಸಿಗುತ್ತದೆ, ಆದರೆ ಪ್ರತಿ ಹುಡುಕಾಟಕ್ಕೂ ಹಾಗೆ ಮಾಡಿದರೆ ಬೈನರಿ ಸರ್ಚ್ ಏಕೆ ಬೇಕು? ಜೋಡಿಸಬೇಕಾದರೆ ಯಂತ್ರ ಎಲ್ಲ ಪದಗಳನ್ನೂ ಒಮ್ಮೆಯಾದರೂ ಮುಟ್ಟಲೇಬೇಕು. ಅಷ್ಟು ಮುಟ್ಟುವ ಬದಲು ಮೊದಲಿನಿಂದ ಒಂದೊಂದಾಗಿ ನೋಡಿದ್ದರೆ ಅಷ್ಟರೊಳಗೆ ಪದವೇ ಸಿಕ್ಕಿರುತ್ತಿತ್ತು. ಒಂದು ಸಲ ಜೋಡಿಸಿಟ್ಟು ನೂರಾರು ಸಲ ಹುಡುಕುವವರಿಗೆ ಮಾತ್ರ ಇದರಿಂದ ಲಾಭ. ಅದೂ ಅಲ್ಲದೆ `sorted` ಕೊಡುವುದು ಯಂತ್ರದ ಕ್ರಮವನ್ನು. ಮಾಸ್ತರರ ಪದಪಟ್ಟಿ ನಾಳೆ ಅಚ್ಚಾಗುವಾಗ ಹಳ್ಳ ಹಸುವಿಗಿಂತ ಮೊದಲು ಬಂದರೆ ಓದುವವರು ಒಪ್ಪಲಾರರು.

ನನ್ನ ಸಲಹೆ ಬೇರೆ. ಹೋಲಿಸುವಾಗ ಮಾತ್ರ ಳಕಾರವನ್ನು ಹಕಾರದ ಬಳಿಕದ ಸಂಖ್ಯೆಗೆ ಬದಲಿಸಿಕೊಳ್ಳಿ. ಹಕಾರದ ಮುಂದಿನ `U+0CBA` ಎಂಬ ಜಾಗದಲ್ಲಿ ಯೂನಿಕೋಡ್ ಯಾವ ಅಕ್ಷರವನ್ನೂ ಇಟ್ಟಿಲ್ಲ, ದೀರ್ಘದ ಚಿಹ್ನೆ ಮೊದಲಾದವು ಅದರ ಬಳಿಕವೇ ಬರುತ್ತವೆ. ಹೀಗಾಗಿ ಅದು ನಮಗೆ ಹೇಳಿ ಮಾಡಿಸಿದ ಜಾಗ.

```python
def kile(pada):
    return pada.replace("ಳ", "\u0cba")
```

ಪ್ರೋಗ್ರಾಮಿನಲ್ಲಿ `patti[nadu] < pada` ಎಂದಿರುವಲ್ಲಿ `kile(patti[nadu]) < kile(pada)` ಎಂದು ಬರೆಯಿರಿ. ಎರಡೂ ಬದಿಗೆ `kile` ಇರಬೇಕು. ಪೈಥಾನಿನೊಂದಿಗೆ ಬರುವ `bisect` ಅನ್ನು ಬಳಸುವವರು ಇಲ್ಲಿ ಎಡವುತ್ತಾರೆ: 3.10ನೆಯ ಆವೃತ್ತಿಯಿಂದ ಅದಕ್ಕೆ `key=` ಕೊಡಬಹುದು, ಆದರೆ ಅದು ಪಟ್ಟಿಯ ಪದಗಳಿಗೆ ಮಾತ್ರ ಅನ್ವಯಿಸುತ್ತದೆ, ನಾವು ಹುಡುಕುವ ಪದಕ್ಕಲ್ಲ. ಅದಕ್ಕೆ ನಾವೇ `kile(pada)` ಎಂದು ಕೊಡಬೇಕು.

ಇನ್ನು ಪಟ್ಟಿ ಸರಿಯಾಗಿದೆಯೇ ಎಂದು ತಿಳಿಯುವ ದಾರಿ ಬಹಳ ಸರಳವಾಗಿದೆ. ಅಕ್ಕಪಕ್ಕದ ಎರಡೆರಡು ಪದಗಳನ್ನು ತೆಗೆದುಕೊಂಡು, ಹುಡುಕಲು ಬಳಸುವ ಅದೇ ಹೋಲಿಕೆಯಿಂದ ಮೊದಲನೆಯದು ಹಿಂದೆ ಬರುತ್ತದೆಯೇ ಎಂದು ಕೇಳಿ.

```python
for a, b in zip(patti, patti[1:]):
    if kile(a) > kile(b):
        print(a, b)
```

ನಿಮ್ಮ ಹದಿನೈದು ಪದಗಳ ಪಟ್ಟಿಯಲ್ಲಿ `kile` ಇಲ್ಲದೆ ಇದನ್ನು ನಡೆಸಿದರೆ ಮೂರು ಜೋಡಿಗಳು ಸಿಕ್ಕಿಬೀಳುತ್ತವೆ: ಬಸಳೆ ಬಳೆ, ಮಸಿ ಮಳೆ, ಹಸು ಹಳದಿ. ಮೂರು ಕಡೆ ಕ್ರಮ ಕೆಟ್ಟದ್ದರಿಂದ ನಾಲ್ಕು ಪದಗಳು ಕಳೆದುಹೋದವು. ದೊಡ್ಡ ಪಟ್ಟಿಯಲ್ಲಿ ಎಷ್ಟು ಕಳೆದಿವೆ ಎಂದು ತಿಳಿಯಲು ಪ್ರತಿ ಪದವನ್ನೂ ಹುಡುಕಿಸಿ, ಅದರ ಸ್ಥಾನವೇ ಉತ್ತರವಾಗಿ ಬರುತ್ತದೆಯೇ ಎಂದು ನೋಡಿ.

ಪೆರ್ಲದ ವಿದ್ಯಾರ್ಥಿನಿ

ನಾವು ನಿಘಂಟಿನಲ್ಲಿ ‘ಹಳ್ಳ’ವನ್ನು ಹುಡುಕುವಾಗ ನಡುವನ್ನು ತೆರೆಯುವುದಿಲ್ಲ, ನೇರವಾಗಿ ಕೊನೆಯ ಭಾಗವನ್ನೇ ತೆರೆಯುತ್ತೇವೆ. ಯಂತ್ರವೂ ಹಾಗೆ ಮಾಡಬಾರದೇ?

ನೀರ್ಚಾಲು ಗಣಿತ

ಮಾಡಬಹುದು. ಪದಗಳು ಎಲ್ಲ ಅಕ್ಷರಗಳಿಗೂ ಸಮನಾಗಿ ಹಂಚಿಹೋಗಿದ್ದರೆ ಅದರಿಂದ ಕೆಲವು ನೋಟಗಳು ಉಳಿಯುತ್ತವೆ. ಆದರೆ ಕನ್ನಡದಲ್ಲಿ ಕಕಾರದ ಪದಗಳು ರಾಶಿ ರಾಶಿ, ಞಕಾರಕ್ಕೆ ಹೆಸರಿಗೂ ಸಿಗುವುದು ಕಷ್ಟ. ಅಂದಾಜು ತಪ್ಪಿದಾಗ ಪಟ್ಟಿಯಿಂದ ಚೂರು ಮಾತ್ರ ಕಡಿಮೆಯಾಗುತ್ತದೆ. ನಡುವನ್ನು ತೆರೆದರೆ ಅರ್ಧ ಹೋಗುವುದು ಖಚಿತ. ಹನ್ನೆರಡು ನೋಟಕ್ಕೆ ಮುಗಿಯುವ ಕೆಲಸದಲ್ಲಿ ಅಷ್ಟು ಉಳಿಸಲು ಹೊರಡುವುದು ಬೇಡವೆಂದು ನನ್ನ ಅಭಿಪ್ರಾಯ.

ಮುಳ್ಳೇರಿಯದ ಓದುಗ

ನಮ್ಮ ಗ್ರಂಥಾಲಯದಲ್ಲಿ ಕನ್ನಡ ಮತ್ತು ಮಲಯಾಳ ಎರಡೂ ಪುಸ್ತಕಗಳ ಪಟ್ಟಿಯನ್ನು ನಾನೇ ನೋಡಿಕೊಳ್ಳುತ್ತೇನೆ. ಮಲಯಾಳದ ಅಕ್ಷರಮಾಲೆಯಲ್ಲಿಯೂ ಳಕಾರ ಹಕಾರದ ಬಳಿಕವೇ ಬರುವುದು, ಕಂಪ್ಯೂಟರಿನಲ್ಲಿ ಅಲ್ಲಿಯೂ ಅದು ಲಕಾರದ ಪಕ್ಕದಲ್ಲಿದೆ. ಕೆಲವು ಪುಸ್ತಕಗಳು ಹುಡುಕಿದಾಗ ಸಿಗದೆ, ಯಾರೋ ಪಟ್ಟಿಯಿಂದ ಅಳಿಸಿದ್ದಾರೆಂದು ಭಾವಿಸಿ ಅವುಗಳನ್ನು ಎರಡನೆಯ ಸಲ ಸೇರಿಸಿದ್ದೆ. ಈಗ ಕಾರಣ ತಿಳಿಯಿತು. ಎರಡೆರಡು ಸಲ ಇರುವ ಹೆಸರುಗಳಲ್ಲಿ ಹುಡುಕಾಟ ಯಾವುದನ್ನು ತೋರಿಸುತ್ತದೆ?

ನೀರ್ಚಾಲು ಗಣಿತ

ಮಾಸ್ತರರ ಪ್ರೋಗ್ರಾಮಿನಂಥದ್ದಾದರೆ ನಡುವಿಗೆ ಮೊದಲು ಬಂದದ್ದನ್ನು ತೋರಿಸುತ್ತದೆ, ಅದು ಮೊದಲನೆಯದೇ ಆಗಬೇಕೆಂದಿಲ್ಲ. `bisect_left` ಯಾವಾಗಲೂ ಮೊದಲನೆಯದರ ಸ್ಥಾನವನ್ನು ಕೊಡುತ್ತದೆ. ಅಲ್ಲಿಂದ ಮುಂದಕ್ಕೆ ಒಂದೊಂದಾಗಿ ನೋಡಿದರೆ ಉಳಿದವೂ ಒತ್ತೊತ್ತಾಗಿ ಸಿಗುತ್ತವೆ.

ಬದಿಯಡ್ಕದ ಪದಸಂಗ್ರಾಹಕ

ನೀರ್ಚಾಲಿನವರು ಹೇಳಿದಂತೆ `kile`ಯನ್ನು ಸೇರಿಸಿದೆ. ಮಳೆ, ಹಳ್ಳ, ಹಳದಿ, ಬಸಳೆ ಎಲ್ಲವೂ ಸಿಕ್ಕವು. ಹಳೆಯ ಪ್ರೋಗ್ರಾಮಿನಿಂದ ಎಲ್ಲ ಪದಗಳನ್ನೂ ಹುಡುಕಿಸಿ ನೋಡಿದಾಗ ಇನ್ನೂರಕ್ಕೂ ಹೆಚ್ಚು ಪದಗಳು ಕಾಣೆಯಾಗಿದ್ದವೆಂದು ತಿಳಿದು ಎದೆ ಝಲ್ಲೆಂದಿತು. ಆ ಪ್ರೋಗ್ರಾಮನ್ನು ನಂಬಿ ‘ನಮ್ಮಲ್ಲಿಲ್ಲ’ ಎಂದು ಕೆಲವು ಪದಗಳನ್ನು ಮತ್ತೆ ಸಂಗ್ರಹಿಸಲು ಹಿರಿಯರೊಬ್ಬರ ಮನೆಗೆ ಹೋಗಿ ಬಂದಿದ್ದೆ.

ಆದರೆ ಅಕ್ಕಪಕ್ಕದ ಜೋಡಿಗಳ ಪರೀಕ್ಷೆ ಇನ್ನೂ ಹದಿನೇಳು ಕಡೆ ತಪ್ಪು ತೋರಿಸುತ್ತಿದೆ. ನೋಡಿದರೆ ಎಲ್ಲವೂ ಅನುಸ್ವಾರದವು. ನನ್ನ ಚೀಟಿಗಳಲ್ಲಿ ‘ಮಂಗ’ ಮಕಾರದ ಆರಂಭದಲ್ಲಿಯೇ ಇದೆ. ನನ್ನ ಸಂಗಡಿಗರೊಬ್ಬರು ಕಾಗುಣಿತದ ಕ್ರಮವನ್ನು ಹಿಡಿದು, ಕೌ ಆದ ಬಳಿಕ ಕಂ ಎಂದು, ‘ಕೌದಿ’ಯ ಬಳಿಕ ‘ಕಂಬ’ವನ್ನು ಇಟ್ಟಿದ್ದಾರೆ. ಇಬ್ಬರಲ್ಲಿ ಯಾರದು ಸರಿ?

ನೀರ್ಚಾಲು ಗಣಿತ

ಹುಡುಕಾಟದ ಮಟ್ಟಿಗೆ ಎರಡೂ ನಡೆಯುತ್ತದೆ, ಆದರೆ ಪಟ್ಟಿಯ ಉದ್ದಕ್ಕೂ ಒಂದೇ ಇರಬೇಕು, ಹೋಲಿಕೆಯೂ ಅದನ್ನೇ ಅನುಸರಿಸಬೇಕು. ಯೂನಿಕೋಡಿನಲ್ಲಿ ಅನುಸ್ವಾರದ ಸಂಖ್ಯೆ `U+0C82`, ಎಲ್ಲ ಅಕ್ಷರಗಳಿಗಿಂತ ಹಿಂದೆ. ಆದ್ದರಿಂದ ನಿಮ್ಮ ಕ್ರಮವನ್ನು ಉಳಿಸಿಕೊಂಡರೆ `kile`ಯಲ್ಲಿ ಇನ್ನೇನೂ ಸೇರಿಸಬೇಕಾಗಿಲ್ಲ. ನಿಮ್ಮ ಸಂಗಡಿಗರ ಕ್ರಮವನ್ನು ಒಪ್ಪುವುದಾದರೆ ನಾನು ನಿಯಮ ಬರೆಯುವ ಮೊದಲು ಅವರಿಂದ ಒಂದು ಮಾತು ತಿಳಿಯಬೇಕು: ‘ಕಾಂಡ’ವನ್ನು ಅವರು ಎಲ್ಲಿಡುತ್ತಾರೆ, ಕಾ ಎಂದು ಆರಂಭವಾಗುವ ಪದಗಳ ಮೊದಲಲ್ಲಿಯೋ, ಅವೆಲ್ಲ ಮುಗಿದ ಬಳಿಕವೋ, ಅಥವಾ ಕಂಬದ ಜೊತೆಯಲ್ಲಿಯೋ?

ಬದಿಯಡ್ಕದ ಪದಸಂಗ್ರಾಹಕ

ಅವರ ಚೀಟಿಗಳನ್ನು ಈಗಷ್ಟೇ ತೆಗೆದು ನೋಡಿದೆ. ‘ಕಾಂಡ’ ಕಾಕಾರದ ಮೊದಲಲ್ಲಿದೆ, ‘ಕುಂಟೆ’ ಕುಕಾರದ ಕೊನೆಯಲ್ಲಿದೆ. ನಾಳೆ ಅವರ ಮನೆಗೆ ಹೋಗಿ ಕೇಳಿಕೊಂಡು ಬಂದು ತಿಳಿಸುತ್ತೇನೆ.